ಅಜ್ಜನ ಲಕ್ಷ್ಮಿ ಫೋಟೋದಲ್ಲಿ ‘ರವಿ ವರ್ಮಾ ಪ್ರೆಸ್’ ಅಂತ ಇದೆ, 1910ರದ್ದು ಹೌದಾ?

ನೀಲಾ_ನವನಗರ
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆಗ ನಮ್ಮ ಮಾವನವರು ದೇವರ ಫೋಟೋಗಳನ್ನು ಹಳೇ ಧೋತರದಲ್ಲಿ ಸುತ್ತಿ ನವನಗರಕ್ಕೆ ತಂದಿದ್ದರು. ಅಂದಿನಿಂದ ಅವು ಅಟ್ಟದ ಮೇಲೇ ಇದ್ದವು. ಮೊನ್ನೆ ಸುಣ್ಣ ಹೊಡೆಸುವಾಗ ಇಳಿಸಿದೆವು. ಅದರಲ್ಲಿ ಒಂದು ಕಮಲದ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಮಾಲೆ ಹಿಡಿದ ಆನೆ. ಸುಮಾರು 20 ಇಂಚು ಎತ್ತರ, 14 ಇಂಚು ಅಗಲ. ಚಿತ್ರದ ಕೆಳಮೂಲೆಯಲ್ಲಿ ಸಣ್ಣದಾಗಿ ಇಂಗ್ಲಿಷಿನಲ್ಲಿ ರವಿ ವರ್ಮಾ ಪ್ರೆಸ್ ಅಂತ ಇದೆ. ಅದರ ಕೆಳಗೆ ಕನ್ನಡದಲ್ಲಿ ಒಂದು ಬಟ್ಟೆ ಅಂಗಡಿಯ ಹೆಸರು, ಆಮೇಲೆ ‘ಬಾಗಲಕೋಟ, ಜಿ. ವಿಜಾಪುರ’ ಅಂತ ಇದೆ.

ಅಜ್ಜ ಮುಂಬೈಗೆ ಹೋದಾಗ 1910ರ ಸುಮಾರಿಗೆ ತಂದದ್ದು ಅಂತ ನಮ್ಮ ಅತ್ತೆ ಹೇಳುತ್ತಾರೆ. ಹಳೇ ಸಾಮಾನು ಕೊಳ್ಳುವವರೊಬ್ಬರು ನೋಡಿ, ಅಸಲಿ ಕಲ್ಲಚ್ಚು, ನನಗೇ ಕೊಡಿ ಅಂದರು. ಕೊಡುವ ಮನಸ್ಸಿಲ್ಲ. ಎಷ್ಟು ಹಳೆಯದು ಅಂತ ಮಾತ್ರ ಗೊತ್ತಾಗಬೇಕಿತ್ತು.

ಸಂಗ್ರಾಹಕ_ವಿಜಾಪುರ
ಅಕ್ಕಾ, ಪ್ರೆಸ್ಸಿನ ಹೆಸರೇ ಇದೆಯಲ್ಲ, ಇನ್ನೇನು ಬೇಕು? ಕಾಗದ ಕಂದು ಬಣ್ಣಕ್ಕೆ ತಿರುಗಿದೆಯಾ? ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಾ? ಹಾಗಿದ್ದರೆ ನೂರು ವರ್ಷ ಆಗಿದೆ ಅಂತಲೇ ಅರ್ಥ. ನೋಟು ಪರೀಕ್ಷೆ ಮಾಡುವ ನೇರಳೆ ದೀಪ ಅಂಗಡಿಗಳಲ್ಲಿ ಇರುತ್ತಲ್ಲ, ಅದನ್ನು ಕತ್ತಲಲ್ಲಿ ಹಿಡಿದು ನೋಡಿ. ಕಾಗದ ನೀಲಿ ಹೊಳೆಯದಿದ್ದರೆ 1950ಕ್ಕಿಂತ ಹಿಂದಿನದು.

ಮಲಪ್ರಭಾ_ದಂಡೆ
ಫೋಟೋ ಮಬ್ಬಾಗಿದ್ದರೆ ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಚ್ಚಿ ಒರೆಸಿ. ನಮ್ಮ ಮನೆಯ ಯಲ್ಲಮ್ಮನ ಫೋಟೋ ಹಾಗೇ ಸ್ವಚ್ಛ ಮಾಡಿದ್ದು, ಈಗ ಲಕಲಕ ಅಂತದೆ.

ಕಟ್ಟಿನಂಗಡಿ_ಶಹಾಪುರ
ಬೇಡ್ರಿ! ಗಾಜು ಒರೆಸಿ, ಕಾಗದ ಅಲ್ಲ. ಒದ್ದೆ ಬಟ್ಟೆ ಮುಟ್ಟಿಸಿ ಅಂಗಡಿಗೆ ತಂದು ಅತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು, ಸೋಪಿನ ಪುಡಿಯಲ್ಲೂ ಹೊಳಪಿನ ಮದ್ದು ಇರುತ್ತದೆ. ಅದು ಕಾಗದಕ್ಕೆ ಹತ್ತಿದರೆ ನೇರಳೆ ದೀಪದಲ್ಲಿ ಹಳೇ ಕಾಗದವೂ ಹೊಳೆಯುತ್ತದೆ, ಆಮೇಲೆ ಆ ಪರೀಕ್ಷೆಗೆ ಅರ್ಥವೇ ಉಳಿಯಲ್ಲ.

ಹಳೇಅಚ್ಚು_ಬೆಳಗಾವಿ
ನೀಲಾ ಅವರೇ, ನಾನು ಮೂವತ್ತೈದು ವರ್ಷ ಆಫ್‌ಸೆಟ್ ಮಷೀನಿನ ಮುಂದೆ ನಿಂತವನು, ಅದಕ್ಕೂ ಮೊದಲು ಲಿಥೋ, ಅಂದರೆ ಕಲ್ಲಚ್ಚಿನ, ಕಲ್ಲು ತಿಕ್ಕಿದ್ದೂ ಉಂಟು. ಪ್ರೆಸ್ಸಿನ ಹೆಸರು ಕೂಡಲೇ ನಂಬಬೇಡಿ, ಕಾಗದದ ಬಣ್ಣವನ್ನಂತೂ ನಂಬಲೇಬೇಡಿ. ಮೊದಲು ಚುಕ್ಕಿ ನೋಡಿ.

ಅಕ್ಕಸಾಲಿಗರ ಹತ್ತಿರ ಕಣ್ಣಿಗೆ ಇಟ್ಟುಕೊಳ್ಳುವ ಲೆನ್ಸ್ ಇರುತ್ತದೆ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಒಂದು ದಿನದ ಮಟ್ಟಿಗೆ ತನ್ನಿ. ಮೂರು ಜಾಗ ನೋಡಬೇಕು: ಲಕ್ಷ್ಮಿಯ ಕೆನ್ನೆ, ಮೂಲೆಯಲ್ಲಿರುವ ಪ್ರೆಸ್ಸಿನ ಹೆಸರು, ಕೆಳಗಿನ ಅಂಗಡಿಯ ಹೆಸರು. ಮೊಬೈಲ್ ಕ್ಯಾಮೆರಾವನ್ನು ಲೆನ್ಸ್‌ಗೆ ತಾಗಿಸಿ ಫೋಟೋ ತೆಗೆದು ಹಾಕಿ.

ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದು ಚಿತ್ರಕ್ಕೆ ಎಂಟು, ಹತ್ತು, ಕೆಲವು ಸಲ ಇನ್ನೂ ಜಾಸ್ತಿ. ಕೆನ್ನೆಯ ನೆರಳನ್ನು ಕಲಾವಿದ ಕೈಯಿಂದ ಚುಕ್ಕಿ ಇಟ್ಟು ಮೂಡಿಸುತ್ತಿದ್ದ. ಹಾಗಾಗಿ ಅದು ಗಸಗಸೆ ಚೆಲ್ಲಿದ ಹಾಗೆ ಕಾಣುತ್ತದೆ, ಒಂದು ದೊಡ್ಡದು, ಒಂದು ಸಣ್ಣದು, ಸಾಲು ಅನ್ನುವುದೇ ಇರಲ್ಲ. ಮೈಬಣ್ಣದ ಗುಲಾಬಿಯೂ ಬೇರೆಯೇ ಶಾಯಿ. ನಾಲ್ಕು ಬಣ್ಣದ ಆಫ್‌ಸೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಚುಕ್ಕಿ ರಂಗೋಲಿಗೆ ಇಟ್ಟ ಚುಕ್ಕಿ ಇದ್ದ ಹಾಗೆ, ಸಾಲು ಸಾಲಾಗಿ. ನೀಲಿ, ಕೆಂಪು, ಹಳದಿ, ಕಪ್ಪು ಸಾಲುಗಳು ಬೇರೆ ಬೇರೆ ಓರೆಯಲ್ಲಿ ಕೂಡಿ ಸಣ್ಣ ಹೂವಿನ ಹಾಗೆ ಕಾಣುತ್ತವೆ.

ಸಂಗ್ರಾಹಕ_ವಿಜಾಪುರ
ಕಾಕಾ, ಕಾಗದ ನಂಬಬೇಡಿ ಅಂದರೆ ಹೇಗೆ? ಹೊಸ ಕಾಗದ ಕಂದಾಗುತ್ತಾ?

ಹಳೇಅಚ್ಚು_ಬೆಳಗಾವಿ
ಆಗುತ್ತಪ್ಪ. ಅಗ್ಗದ ಕಟ್ಟಿಗೆ ತಿರುಳಿನ ಕಾಗದ ಗಾಜಿನ ಹಿಂದೆ, ಅಡುಗೆಮನೆ ಹೊಗೆಯಲ್ಲಿ, ಮೂವತ್ತು ವರ್ಷಕ್ಕೇ ಚಹಾ ಬಣ್ಣಕ್ಕೆ ಬರುತ್ತದೆ. ಚಿಂದಿ ಬಟ್ಟೆಯ ತಿರುಳಿನಿಂದ ಮಾಡಿದ 1900ರ ಕಾಗದ ಇಂದಿಗೂ ಬಿಳಿಯಾಗಿರುವುದನ್ನು ನೋಡಿದ್ದೇನೆ. ಕಂದು ಬಣ್ಣ ಹೇಳುವುದು ಕಾಗದದ ಜಾತಿಯನ್ನು, ವಯಸ್ಸನ್ನಲ್ಲ.

ನೇರಳೆ ದೀಪದ ಮಾತು ಅರ್ಧ ಸರಿ. ಹೊಳಪಿನ ಮದ್ದು ಕಾಗದಕ್ಕೆ ಸೇರಲು ಶುರುವಾದದ್ದು ಸುಮಾರು 1950ರಿಂದ. ಕಾಗದ ನೀಲಿ ಹೊಳೆದರೆ ಅದಕ್ಕಿಂತ ಹಿಂದಿನದಲ್ಲ ಅಂತ ಹೇಳಬಹುದು. ಹೊಳೆಯದಿದ್ದರೆ ಏನೂ ಹೇಳಕ್ಕಾಗಲ್ಲ. ಇವತ್ತಿನ ನ್ಯೂಸ್‌ಪ್ರಿಂಟ್‌ಗೆ ದೀಪ ಹಿಡಿದು ನೋಡು, ಸಾಮಾನ್ಯವಾಗಿ ಅದು ಮಂಕಾಗೇ ಇರುತ್ತದೆ.

ಇನ್ನು ಪ್ರೆಸ್ಸಿನ ಹೆಸರು. ಆ ಪ್ರೆಸ್ ಮುಂಬೈಯಲ್ಲಿ 1894ರಲ್ಲಿ ಶುರುವಾಯಿತು, 1899ರಲ್ಲಿ ಲೋನಾವಳಾ ಹತ್ತಿರ ಮಳವಲಿಗೆ ಹೋಯಿತು, ಆಮೇಲೆ ಶ್ಲೈಶರ್ ಅನ್ನುವ ಜರ್ಮನ್ ಮುದ್ರಕರ ಕೈಗೆ ಬಂತು. ರವಿ ವರ್ಮಾ ತೀರಿಕೊಂಡದ್ದು 1906ರಲ್ಲಿ. ಪ್ರೆಸ್ ಮಾತ್ರ ಅದೇ ಹೆಸರಿನಲ್ಲಿ ಬಹಳ ವರ್ಷ ನಡೆಯಿತು, 1972ರಲ್ಲಿ ಬೆಂಕಿಗೆ ಹೋಯಿತು. ಹೆಸರು ಅಸಲಿಯೇ ಆದರೂ 1910 ಅಂತ ಹೇಳಲು ಅದೊಂದೇ ಸಾಲದು.

ಅಥಣಿ_ವಾಡೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ವಾಡೆಯಲ್ಲಿ ಒಂದು ಕೃಷ್ಣನ ಚಿತ್ರ ಇದೆ, ಕೆಳಗೆ ‘ಪ್ರಿಂಟೆಡ್ ಇನ್ ಜರ್ಮನಿ’ ಅಂತ ಇದೆ. ಅದು ಎಷ್ಟನೇ ಇಸವಿಯದು?

ಸಂಗ್ರಾಹಕ_ವಿಜಾಪುರ
ಜರ್ಮನಿ ಅಂತ ಇದ್ದರೆ 1914ರ ಒಳಗಿನದು. ಯುದ್ಧ ಶುರುವಾದ ಮೇಲೆ ಜರ್ಮನಿಯ ಮಾಲು ನಿಂತುಹೋಯಿತು.

ಹಳೇಅಚ್ಚು_ಬೆಳಗಾವಿ
ನಿಂತದ್ದು ಹೌದು, ಆದರೆ ಮತ್ತೆ ಶುರುವಾಯಿತು. ಕರಾಚಿಯ ಬ್ರಿಜ್‌ಬಾಸಿಯವರು 1920ರ ದಶಕದ ಕೊನೆ ಮತ್ತು 30ರ ದಶಕದಲ್ಲಿ ಜರ್ಮನಿಯಲ್ಲೇ ಅಚ್ಚು ಹಾಕಿಸಿ ತರಿಸುತ್ತಿದ್ದರು. ಅಥಣಿಯವರೇ, ಪ್ರಕಾಶಕರ ಹೆಸರು, ಊರು ಏನಾದರೂ ಇದೆಯಾ ನೋಡಿ. ಕರಾಚಿ ಅಂತ ಇದ್ದರೆ ಎರಡು ಯುದ್ಧಗಳ ನಡುವಿನದು ಅಂತ ಇಟ್ಟುಕೊಳ್ಳಬಹುದು. ಬೇರೆ ಎಳೆ ಶುರು ಮಾಡಿ, ಇಲ್ಲಿ ಲಕ್ಷ್ಮಿಯದು ಮುಗಿಯಲಿ.

ನೀಲಾ_ನವನಗರ
ಲೆನ್ಸ್ ಸಿಕ್ಕಿತು. ಗಾಜು ಅಡ್ಡ ಬಂದು ಏನೂ ಸರಿಯಾಗಿ ಕಾಣಲಿಲ್ಲ. ಕೊನೆಗೆ ನನ್ನ ಮಗ ಹಿಂದಿನ ಸಣ್ಣ ಮೊಳೆ ಕಿತ್ತು ಚಿತ್ರ ಹೊರಗೆ ತೆಗೆದ. ಅತ್ತೆ ಬೈದರು. ಮೂರೂ ಜಾಗದ ಫೋಟೋ ಹಾಕಿದ್ದೇನೆ. ನನಗೆ ಕೆನ್ನೆಯಲ್ಲಿ ಗಸಗಸೆಯೂ ಕಾಣುತ್ತೆ, ರಂಗೋಲಿಯೂ ಕಾಣುತ್ತೆ! ಎರಡೂ ಹೇಗೆ ಇರುತ್ತೆ?

ಇನ್ನೊಂದು ಸಿಕ್ಕಿತು. ಚಿತ್ರದ ಕೆಳಗೆ ತಾರೀಖಿನ ಪ್ಯಾಡು ಇತ್ತಂತೆ ಕಾಣುತ್ತೆ, ತುಕ್ಕು ಹಿಡಿದ ಎರಡು ಪಿನ್ನು ಇವೆ. ಕೊನೆಯ ಹಾಳೆಯೊಂದು ಹಿಂದಕ್ಕೆ ಮಡಚಿಕೊಂಡು ಉಳಿದಿದೆ. ಡಿಸೆಂಬರ್. ಇಸವಿ ಬರೆದಿರುವ ಮೇಲಿನ ಪಟ್ಟಿ ಹರಿದುಹೋಗಿದೆ.

ಸಂಗ್ರಾಹಕ_ವಿಜಾಪುರ
ಗಸಗಸೆ ಇದೆ ಅಂದರೆ ಕಲ್ಲಚ್ಚು! ನಾನು ಹೇಳಲಿಲ್ವಾ.

ಹಳೇಅಚ್ಚು_ಬೆಳಗಾವಿ
ಅವಸರ ಮಾಡಬೇಡ ತಮ್ಮಾ. ಫೋಟೋ ದೊಡ್ಡದು ಮಾಡಿ ನೋಡು. ಒಂದೊಂದು ಗಸಗಸೆ ಕಾಳೂ ಒಳಗೆ ಒಡೆದಿದೆ. ಅದು ಒಂದೇ ಶಾಯಿಯ ಚುಕ್ಕಿ ಅಲ್ಲ, ನಾಲ್ಕಾರು ರಂಗೋಲಿ ಚುಕ್ಕಿ ಸೇರಿ ಕಾಳಿನ ಹಾಗೆ ಕಾಣುತ್ತಿದೆ. ಅಂದರೆ ಯಾರೋ ಒಂದು ಅಸಲಿ ಕಲ್ಲಚ್ಚನ್ನು ಕ್ಯಾಮೆರಾ ಮುಂದೆ ಇಟ್ಟು, ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ಸ್ಕ್ರೀನ್ ಹಾಕಿ ಫೋಟೋ ತೆಗೆದು, ನಾಲ್ಕು ಬಣ್ಣದಲ್ಲಿ ಮತ್ತೆ ಮುದ್ರಿಸಿದ್ದಾರೆ. ಹಳೇ ಚಿತ್ರದ ಗಸಗಸೆ ಆ ಫೋಟೋದಲ್ಲಿ ಬಂದುಬಿಟ್ಟಿದೆ. ಮೇಲ್ನೋಟಕ್ಕೆ ಬಹಳ ಜನ ಮೋಸ ಹೋಗುವುದು ಇಲ್ಲೇ.

ಈಗ ಎರಡನೇ ಫೋಟೋ, ಪ್ರೆಸ್ಸಿನ ಹೆಸರು. ಅಸಲಿ ಲಿಥೋದಲ್ಲಿ ಹೆಸರನ್ನು ಒಂದೇ ಬಣ್ಣದಲ್ಲಿ ಕಲ್ಲಿನ ಮೇಲೆ ಬರೆಯುತ್ತಾರೆ. ಅಕ್ಷರ ಗಟ್ಟಿ ಶಾಯಿ, ಅಂಚು ಚೊಕ್ಕ. ಇಲ್ಲಿ ಅಕ್ಷರಗಳೇ ಚುಕ್ಕಿ ಚುಕ್ಕಿಯಾಗಿವೆ, ಕಪ್ಪಿನ ಜೊತೆ ನೀಲಿ ಕೆಂಪೂ ಇದೆ, ಅಂಚು ಉದುರಿದ ಹಾಗಿದೆ. ಅಂದರೆ ಹೆಸರೂ ಚಿತ್ರದ ಜೊತೆಗೇ ಫೋಟೋದಲ್ಲಿ ಬಂದದ್ದು. ಇದನ್ನು ಮುದ್ರಿಸಿದವರ ಹೆಸರಲ್ಲ ಅದು, ಯಾವುದರಿಂದ ನಕಲು ತೆಗೆದರೋ ಅದರ ಹೆಸರು.

ಮೂರನೆಯದು ಅಂಗಡಿಯ ಹೆಸರು. ಅದು ಬೇರೆಯೇ ಕೆಲಸ, ಅಚ್ಚುಮೊಳೆ ಜೋಡಿಸಿ ಟ್ರೆಡಲ್ ಮಷೀನಿನಲ್ಲಿ ಒತ್ತಿದ್ದು. ಅಕ್ಷರದ ಅಂಚಿಗೆ ಶಾಯಿ ಹಿಂಡಿ ಕಪ್ಪು ಗೆರೆ ಕಟ್ಟಿದೆ ನೋಡಿ. ಕಾಗದದ ಬೆನ್ನಿಗೆ ಬೆರಳು ಸವರಿದರೆ ಅಕ್ಷರ ಉಬ್ಬಿರುವುದು ತಿಳಿಯಬೇಕು.

ನೀಲಾ_ನವನಗರ
ಹೌದು ಕಾಕಾ, ತಿಳಿಯುತ್ತೆ! ಕಣ್ಣು ಮುಚ್ಚಿಕೊಂಡು ಸವರಿದರೂ ತಿಳಿಯುತ್ತೆ. ಚಿತ್ರದ ಬೆನ್ನು ಮಾತ್ರ ನುಣ್ಣಗಿದೆ. ಹಾಗಾದರೆ ಚಿತ್ರ ಒಂದು ಕಡೆ, ಅಂಗಡಿ ಹೆಸರು ಇನ್ನೊಂದು ಕಡೆ ಮುದ್ರಿಸಿದ್ದಾ?

ಕಟ್ಟಿನಂಗಡಿ_ಶಹಾಪುರ
ಆಗಿನ ರೂಢಿಯೇ ಅದು. ದೊಡ್ಡ ಪ್ರೆಸ್ಸಿನವರು ದೇವರ ಚಿತ್ರ ಸಾವಿರಗಟ್ಟಲೆ ಮುದ್ರಿಸಿ, ಕೆಳಗೆ ಜಾಗ ಖಾಲಿ ಬಿಟ್ಟು ಮಾರುತ್ತಿದ್ದರು. ಊರಿನ ಟ್ರೆಡಲ್ ಪ್ರೆಸ್ಸಿನವನು ಅಂಗಡಿ ಹೆಸರು ಹೊಡೆದು ಪ್ಯಾಡು ಹಚ್ಚಿ ಕೊಡುತ್ತಿದ್ದ. ಉಳಿದ ಚಿತ್ರ ಮುಂದಿನ ವರ್ಷಕ್ಕೆ. ನಮ್ಮ ಅಪ್ಪನ ಕಾಲದಲ್ಲಿ ನಾಲ್ಕು ವರ್ಷದ ಹಳೇ ಚಿತ್ರಕ್ಕೂ ಹೊಸ ಪ್ಯಾಡು ಹಚ್ಚಿದ್ದುಂಟು.

ಹಳೇಅಚ್ಚು_ಬೆಳಗಾವಿ
ಅದಕ್ಕೇ ಒಂದು ಕ್ಯಾಲೆಂಡರಿಗೆ ಒಂದೇ ಇಸವಿ ಅಂತ ಹುಡುಕಬಾರದು. ಮೂಲ ಚಿತ್ರಕ್ಕೆ ಒಂದು, ಈ ಕಾಗದದ ಮುದ್ರಣಕ್ಕೆ ಒಂದು, ಅಂಗಡಿ ಹೆಸರಿಗೆ ಒಂದು. ‘ಬಾಗಲಕೋಟ, ಜಿ. ವಿಜಾಪುರ’ ಅನ್ನುವುದರಿಂದ ಒಂದು ಕಡೆಯ ಗಡಿ ಸಿಕ್ಕಿತು, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದು ಬಹಳ ದೂರದ ಗಡಿ, ಅಷ್ಟೇನೂ ಉಪಯೋಗ ಇಲ್ಲ. ‘ಮೈಸೂರು ರಾಜ್ಯ’ ಅಂತ ಇದ್ದಿದ್ದರೆ 1956ರ ನವೆಂಬರಿನಿಂದ 1973ರ ಅಕ್ಟೋಬರ್ ಒಳಗೆ ಅಂತ ಹಿಡಿಯಬಹುದಿತ್ತು. ಪಿನ್‌ಕೋಡ್ ಇದ್ದಿದ್ದರೆ 1972ರ ಆಗಸ್ಟ್ ಆದ ಮೇಲಿನದು. ಇಲ್ಲಿ ಎರಡೂ ಇಲ್ಲ. ಆ ಡಿಸೆಂಬರ್ ಹಾಳೆ ಹಾಕಿ.

ನೀಲಾ_ನವನಗರ
ಹಾಕಿದ್ದೇನೆ. 1ನೇ ತಾರೀಖು ಶನಿವಾರ. 17ಕ್ಕೆ ‘ಹೊಸ್ತಿಲ ಹುಣ್ಣಿಮೆ’ ಅಂತ ಸಣ್ಣ ಅಕ್ಷರ ಇದೆ. ಉಳಿದದ್ದು ಇರುವೆ ತಿಂದುಬಿಟ್ಟಿವೆ.

ಸಂಗ್ರಾಹಕ_ವಿಜಾಪುರ
ಇದು ನನ್ನ ಕೆಲಸ. ಮೊಬೈಲ್ ಕ್ಯಾಲೆಂಡರ್ ಹಿಂದಕ್ಕೆ ಸರಿಸುತ್ತಾ ಹೋದೆ. ಡಿಸೆಂಬರ್ 1 ಶನಿವಾರ ಬಂದದ್ದು 1934, 1945, 1951, 1956, 1962, 1973ರಲ್ಲಿ. ಅದಕ್ಕೂ ಮೊದಲು, ಆಮೇಲೂ ಇವೆ. ನನ್ನ ಪ್ರಕಾರ 1934. ಕಾಗದ ದೀಪದಲ್ಲಿ ಹೊಳೆಯಲಿಲ್ಲ ಅಂತ ಅಕ್ಕ ನನಗೆ ಮೆಸೇಜ್ ಮಾಡಿದ್ದಾರೆ.

ಪಂಚಾಂಗದ_ಅಕ್ಕಾಬಾಯಿ
ಹುಣ್ಣಿಮೆ ಯಾಕೆ ಬಿಟ್ಟಿರಿ? ವಾರ ಐದು ವರ್ಷಕ್ಕೋ ಆರು ವರ್ಷಕ್ಕೋ ಹನ್ನೊಂದು ವರ್ಷಕ್ಕೋ ಮತ್ತೆ ಬರುತ್ತೆ, ಹುಣ್ಣಿಮೆಯೂ ಜೊತೆಗೆ ಕೂಡುವುದು ಅಪರೂಪ. ಹಳೇ ಪಂಚಾಂಗ ತೆಗೆದು ಕೂತಿದ್ದೇನೆ. ಮಾರ್ಗಶಿರ ಹುಣ್ಣಿಮೆ 1934ರಲ್ಲಿ 20ರ ಸುಮಾರು, 1951ರಲ್ಲಿ 13, 1962ರಲ್ಲಿ 11, 1973ರಲ್ಲಿ 10. ಇವು ಯಾವುವೂ ಅಲ್ಲ. 1945ರಲ್ಲಿ 19, ಅವತ್ತು ಚಂದ್ರಗ್ರಹಣವೂ ಇತ್ತು. 1956ರಲ್ಲಿ 17, ಸೋಮವಾರ. ಸರಿಯಾಗಿ ಕೂತಿತು.

ಸಂಗ್ರಾಹಕ_ವಿಜಾಪುರ
ಅಕ್ಕಾರೇ, ಒಂದೊಂದು ಪಂಚಾಂಗದಲ್ಲಿ ಹುಣ್ಣಿಮೆ ಹಿಂದುಮುಂದು ಇರುತ್ತಲ್ಲ? 1945 ಯಾಕಾಗಬಾರದು?

ಪಂಚಾಂಗದ_ಅಕ್ಕಾಬಾಯಿ
ಒಂದು ದಿನ ಹೆಚ್ಚುಕಡಿಮೆ ಆಗುತ್ತೆ, ಹಬ್ಬ ಹಿಂದಿನ ರಾತ್ರಿಗೆ ಹಿಡಿದರೆ 18 ಅಂತ ಬರೆಯಬಹುದು. ಎರಡು ದಿನ ಹಿಂದೆ ಹೋಗಲ್ಲ ತಮ್ಮಾ. 17ರಂದು ಚತುರ್ದಶಿಯೇ ಇನ್ನೂ ಮುಗಿದಿರಲಿಲ್ಲ.

ಹಳೇಅಚ್ಚು_ಬೆಳಗಾವಿ
ಅಕ್ಕಾಬಾಯಿಯವರಿಗೆ ದೊಡ್ಡ ನಮಸ್ಕಾರ. ಪ್ಯಾಡು 1956ರದ್ದು. ಅಂದರೆ ಅಂಗಡಿಯವರು ಹೆಸರು ಹೊಡೆಸಿದ್ದು 1955ರ ದೀಪಾವಳಿ ಆಸುಪಾಸಿನಲ್ಲಿ ಇರಬೇಕು. ಆಗ ಬಾಗಲಕೋಟೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು.

ಸಂಗ್ರಾಹಕ_ವಿಜಾಪುರ
ಒಪ್ಪಿದೆ. ಆದರೆ ಪ್ಯಾಡು ಆಮೇಲೆ ಹಚ್ಚಿದ್ದೂ ಇರಬಹುದಲ್ವಾ? ಪಿನ್ನಿನ ತೂತು ಎಷ್ಟಿವೆ ನೋಡಿ ಅಕ್ಕಾ. ಒಂದೇ ಜೋಡಿ ತೂತು, ಒಂದೇ ತುಕ್ಕಿನ ಕಲೆ ಇದ್ದರೆ ಅದೇ ಮೊದಲ ಪ್ಯಾಡು. ಎರಡು ಜೋಡಿ ಇದ್ದರೆ ಯಾರೋ ಬದಲಾಯಿಸಿದ್ದಾರೆ.

ಹಳೇಅಚ್ಚು_ಬೆಳಗಾವಿ
ಭೇಷ್! ಇದು ನನಗೆ ಹೊಳೆದಿರಲಿಲ್ಲ.

ನೀಲಾ_ನವನಗರ
ಒಂದೇ ಜೋಡಿ. ಬೆಳಕಿಗೆ ಹಿಡಿದೂ ನೋಡಿದೆ.

ಇನ್ನೊಂದು ಸಣ್ಣ ಪ್ರಶ್ನೆ. ಚೌಕಟ್ಟಿನ ಪಟ್ಟಿಯ ಅಡಿಯಲ್ಲಿ ಮುಚ್ಚಿದ್ದ ಅಂಚಿನಲ್ಲಿ ಸೀರೆ ಕಡುಗೆಂಪು, ಹೊರಗೆ ಕಂಡದ್ದೆಲ್ಲ ತಿಳಿ ಕಂದು. ಆಕಾಶ ಮಾತ್ರ ಹಾಗೇ ನೀಲಿ. ಯಾಕೆ?

ಹಳೇಅಚ್ಚು_ಬೆಳಗಾವಿ
ನಾಲ್ಕು ಬಣ್ಣದ ಕೆಲಸದಲ್ಲಿ ಬೆಳಕಿಗೆ ಮೊದಲು ಸೋಲುವುದು ಕೆಂಪು ಮತ್ತು ಹಳದಿ. ನೀಲಿ, ಕಪ್ಪು ತಡೆಯುತ್ತವೆ. ಹಾಗಾಗಿ ಬಿಸಿಲು ಬೀಳುವ ಗೋಡೆಯ ಲಕ್ಷ್ಮಿ ನಿಧಾನಕ್ಕೆ ನೀಲಿ ಮೈಯವಳಾಗುತ್ತಾಳೆ. ನಿಮ್ಮದು ಅಷ್ಟು ದೂರ ಹೋಗಿಲ್ಲ. ಮುಚ್ಚಿದ್ದ ಆ ಅಂಚಿನ ಬಣ್ಣವೇ ಅಸಲು, ಅದನ್ನು ಕತ್ತರಿಸಲು ಯಾರಿಗೂ ಬಿಡಬೇಡಿ. ಕಲ್ಲಚ್ಚಿನಲ್ಲೂ ಕೆಂಪು ಮಾಸುತ್ತದೆ, ಆದರೆ ಶಾಯಿ ಬೇರೆ ಬೇರೆ ಇರುವುದರಿಂದ ಸೀರೆ ಮಾಸಿದರೂ ಮೈಬಣ್ಣ ಉಳಿಯಬಹುದು. ಬಣ್ಣ ಮಾಸಿದ್ದನ್ನು ನೋಡಿ ಇಸವಿ ಹೇಳುವವರ ಮಾತು ನಾನು ಕೇಳುವುದಿಲ್ಲ, ಗೋಡೆ ಯಾವ ದಿಕ್ಕಿಗಿತ್ತು ಅಂತಷ್ಟೇ ಅದು ಹೇಳುತ್ತದೆ.

ಅಥಣಿ_ವಾಡೆ
ಹಾಗಾದರೆ ಚಿತ್ರದ ಮುದ್ರಣವೂ 1955 ಅಂತಲೇ ಇಟ್ಟುಕೊಳ್ಳೋಣವೇ?

ಹಳೇಅಚ್ಚು_ಬೆಳಗಾವಿ
ಇಲ್ಲ. 1955 ಅಥವಾ ಅದಕ್ಕಿಂತ ಸ್ವಲ್ಪ ಹಿಂದೆ. ಶಹಾಪುರದವರು ಹೇಳಿದ ಹಾಗೆ ಚಿತ್ರ ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತೋ. ಮುದ್ರಿಸಿದವರ ಹೆಸರೂ ಇಲ್ಲ. ಇನ್ನೊಂದು ಮನೆಯಲ್ಲಿ ಇದೇ ಚಿತ್ರ ಬೇರೆ ಅಂಗಡಿ ಹೆಸರಿನೊಂದಿಗೆ, ಪ್ಯಾಡಿನ ಇಸವಿಯೊಂದಿಗೆ ಸಿಕ್ಕರೆ ಆಗ ಜಗ್ಗಿ ನೋಡಬಹುದು. ಗದಗ, ಹುಬ್ಬಳ್ಳಿ ಕಡೆಯವರು ಯಾರಾದರೂ ಇದ್ದರೆ ನಿಮ್ಮ ದೇವರಮನೆ ಗೋಡೆ ನೋಡ್ರಿ.

ನೀಲಾ_ನವನಗರ
ಅತ್ತೆಗೆ ಹೇಳಿದೆ. ಸಿಟ್ಟಾದರು. 1910ರಲ್ಲಿ ಮುಂಬೈಯಿಂದ ತಂದದ್ದು ನಿಜ, ಈ ಚೌಕಟ್ಟು ನೋಡುತ್ತಲೇ ನಾನು ಮದುವೆಯಾಗಿ ಬಂದದ್ದು ಅಂತ ವಾದ.

ಕಟ್ಟಿನಂಗಡಿ_ಶಹಾಪುರ
ಚೌಕಟ್ಟು! ಅಮ್ಮ ಹೇಳುತ್ತಿರುವುದು ಚೌಕಟ್ಟಿನ ಮಾತು. ನೀಲಕ್ಕಾ, ಚೌಕಟ್ಟಿನ ಫೋಟೋ ಈಗ ಸರಿಯಾಗಿ ನೋಡಿದೆ. ಸಾಗವಾನಿ, ಮೂಲೆಯಲ್ಲಿ ಕೈಯಿಂದ ಕೊರೆದ ಜೋಡಣೆ. 1956ರಲ್ಲಿ ಬಟ್ಟೆ ಅಂಗಡಿಯವನು ಪುಕ್ಕಟೆ ಕೊಟ್ಟ ಕ್ಯಾಲೆಂಡರಿಗೆ ಇಷ್ಟು ಖರ್ಚು ಯಾರೂ ಮಾಡಲ್ಲ. ಹಳೇ ಚೌಕಟ್ಟಿಗೆ ಆಮೇಲೆ ಕ್ಯಾಲೆಂಡರ್ ಕೂರಿಸಿದ್ದಾರೆ. ಹಳೇ ಚಿತ್ರ ಎಲ್ಲಿ ಹೋಯಿತು? ನಮ್ಮ ಕಸುಬಿನಲ್ಲಿ ಹಳೆಯದನ್ನು ಎಸೆಯುವುದಿಲ್ಲ, ದೇವರಲ್ಲವೇ, ಹಿಂದೆ ಆಧಾರಕ್ಕೆ ಹಾಕುತ್ತೇವೆ. ಕ್ಯಾಲೆಂಡರಿನ ಹಿಂದೆ ರಟ್ಟು ಇತ್ತಾ? ಅದರ ಅಂಚನ್ನು ಬೆಳಕಿನಲ್ಲಿ ನೋಡಿ.

ನೀಲಾ_ನವನಗರ
ರಟ್ಟು ಇದೆ. ಸುಮ್ನೆ ರಟ್ಟು ಅಂತ ಗೋಡೆಗೆ ಒರಗಿಸಿ ಇಟ್ಟಿದ್ದೆ. ಈಗ ನೋಡಿದರೆ ಅದರ ಮೇಲೆ ಕಂದು ಕಾಗದ ಅಂಟಿಸಿದ್ದಾರೆ. ಒಂದು ಮೂಲೆ ಎದ್ದಿದೆ, ಅದರ ಕೆಳಗೆ ನೀಲಿ ಮತ್ತು ಬಂಗಾರದ ಬಣ್ಣ! ಲೆನ್ಸ್ ಇಟ್ಟು ನೋಡಿದೆ. ಕಾಕಾ, ಬರೀ ಗಸಗಸೆ. ಸಾಲು ಇಲ್ಲ. ಮೇಲ್ಮೈ ಬಟ್ಟೆಯ ನೇಯ್ಗೆ ಇದ್ದ ಹಾಗೆ ಉಬ್ಬುತಗ್ಗು ಇದೆ, ವಾರ್ನಿಶ್ ಹೊಳಪಿದೆ. ಕಂದು ಕಾಗದ ನೀರು ಹಚ್ಚಿ ಬಿಡಿಸಲೇ?

ಹಳೇಅಚ್ಚು_ಬೆಳಗಾವಿ
ನೀರು ಮುಟ್ಟಿಸಬೇಡಿ! ಎದ್ದ ಮೂಲೆಯನ್ನೂ ಎಳೆಯಬೇಡಿ, ಬಣ್ಣವೂ ಕಾಗದದ ಜೊತೆಗೇ ಎದ್ದು ಬರುತ್ತದೆ. ನೇಯ್ಗೆಯ ಉಬ್ಬು, ವಾರ್ನಿಶ್ ಅಂದರೆ ಎಣ್ಣೆಚಿತ್ರದ ಹಾಗೆ ಕಾಣಲಿ ಅಂತ ಲಿಥೋ ಮೇಲೆ ಮಾಡುತ್ತಿದ್ದ ಕೆಲಸ. ಯಾವ ಪ್ರೆಸ್ಸಿನದು, ಯಾವ ಕಾಲದ್ದು ಅಂತ ಒಂದು ಮೂಲೆ ನೋಡಿ ನಾನು ಹೇಳುವುದಿಲ್ಲ. ಎರಡು ಒಣ ಬಿಳಿ ಹಾಳೆಯ ನಡುವೆ ಚಪ್ಪಟೆಯಾಗಿ ಇಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಕಾಗದ ರಿಪೇರಿ ಗೊತ್ತಿರುವವರೇ ಅದನ್ನು ಬಿಡಿಸಬೇಕು, ನಾನಲ್ಲ.

ಸಂಗ್ರಾಹಕ_ವಿಜಾಪುರ
ಅಕ್ಕಾ, ಆ ಕೊಳ್ಳುವವನಿಗೆ ಈ ಮೂಲೆ ತೋರಿಸಬೇಡಿ ಮತ್ತೆ.

ನೀಲಾ_ನವನಗರ
ತೋರಿಸಲ್ಲ. ಅತ್ತೆ ಮಾತ್ರ ಆಗಲೇ ಅರಿಶಿನ ಕುಂಕುಮ ಹಿಡಿದು ಬರುತ್ತಿದ್ದಾರೆ, ಮೊದಲು ಅವರನ್ನು ತಡೆಯಬೇಕು.